ಹೆಸರಿಲ್ಲದ ಋಣ

ತುಳುನಾಡಿನ ದೈವಾರಾಧನೆ ನನ್ನ ಪಿಎಚ್.ಡಿ. ವಿಷಯ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹೋಗಿ ಕೂತ ಹಳ್ಳಿಯನ್ನು ‘ರಾಂಪುರ’ ಎಂದು ಕರೆದಂತೆ ನಾನೂ ಊರಿನ ಹೆಸರು ಬದಲಿಸಿದ್ದೆ. ಸಾನದ ಆಡಳಿತದ ಬಗ್ಗೆ ಗುತ್ತಿನ ಮನೆಗೂ ಊರವರಿಗೂ ಇದ್ದ ತಕರಾರನ್ನು ಬಿಡಿಸಿ ಹೇಳಿದವರು ಅಲ್ಲಿನ ಪಾತ್ರಿ. “ಹೆಸರು ಹಾಕ್ಬೇಡಿ ಮಾರಾಯ್ರೇ. ನಾಳೆ ಗುತ್ತಿನವರು ಕೇಳಿದ್ರೆ ನಾನು ಎಂತ ಹೇಳುದು?” ಅಂದಿದ್ದರು. ಅಧ್ಯಾಯದುದ್ದಕ್ಕೂ ಅವರು ‘ವಕ್ತೃ 7’ ಆದರು.

ಬೈಂಡಿಂಗ್‌ಗೆ ಕೊಡುವ ಮುನ್ನಾದಿನ ಕೃತಜ್ಞತೆಯ ಪುಟ ಬರೆದೆ. ಮನಸ್ಸು ತುಂಬಿಬಂದಿತ್ತು. ‘ಹೊಳೆಬದಿಯ ಜುಮಾದಿ ಸಾನದ ಹಿರಿಯ ಪಾತ್ರಿಗೆ’ ಎಂದು ಶುರುಮಾಡಿದೆ. ಮಾರ್ಗದರ್ಶಕರು ಆ ಸಾಲಿನ ಮೇಲೆ ಪೆನ್ನು ಇಟ್ಟು ಕೇಳಿದರು: “ಹೊಳೆಬದಿ, ಜುಮಾದಿ, ಹಿರಿಯರು. ಇಷ್ಟೂ ಹೊಂದುವವರು ಆ ಕಡೆ ಎಷ್ಟು ಜನ?” ಎಣಿಸಿದೆ. ಒಬ್ಬರೇ. ಅದರ ಕೆಳಗಿನ ಸಾಲಿನಲ್ಲಿ ನನಗೆ ಉಳಿಯಲು ಕೋಣೆ ಕೊಟ್ಟ ಮನೆಯವರ ಹೆಸರೂ ಊರೂ ನಿಜವಾದವೇ. ಇನ್ನೂರು ಪುಟ ಮುಚ್ಚಿಟ್ಟ ಊರು ಒಂದೇ ಪುಟದಲ್ಲಿ ಬಯಲಾಗಿತ್ತು.

ಹಿಂದೆ ಪ್ರಬಂಧದ ಪ್ರತಿ ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತಿತ್ತು. ಯುಜಿಸಿಯ 2009ರ ನಿಯಮದ ನಂತರ ಅದು ಶೋಧಗಂಗೆಗೂ ಹೋಗುತ್ತದೆ. ಗುತ್ತಿನ ಮನೆಯ ಹುಡುಗ ಮೊಬೈಲಿನಲ್ಲೇ ಓದಬಹುದು. ಹಾಗಾಗಿ ತಿದ್ದಿದೆ: ‘ಹಲವು ಊರುಗಳ ಪಾತ್ರಿಗಳು, ಗುತ್ತಿನವರು, ದೈವ ಕಟ್ಟುವವರು ನನ್ನೊಂದಿಗೆ ಮಾತಾಡಿದರು. ಕೆಲವರ ಹೆಸರನ್ನು ಅವರ ಇಚ್ಛೆಯಂತೆ ಬರೆದಿಲ್ಲ.’ ಕೋಣೆ ಕೊಟ್ಟ ಮನೆಯವರನ್ನೂ ಈ ಗುಂಪಿಗೇ ಸೇರಿಸಬೇಕಾಯಿತು. ಅದು ನನಗೆ ನೋವಾದ ಸಾಲು.

ಅದೇ ಪುಟದಲ್ಲಿ ನೆನೆದಿದ್ದ ಅರ್ಚಕರೊಬ್ಬರ ವಿಷಯದಲ್ಲಿ ನನ್ನ ತಪ್ಪು ಬೇರೆ ಬಗೆಯದು. ಒಂದು ಮಧ್ಯಾಹ್ನ ಕೂತು ಕಲಶದ ಕ್ರಮ ವಿವರಿಸಿದ್ದರು, ಮಂತ್ರದ ಮಾತು ಬಂದಾಗ ಸಾಕೆಂದಿದ್ದರು. ನಾನು ಬರೆದದ್ದು ‘ಗೂಢಾರ್ಥಗಳನ್ನು ತೆರೆದಿಟ್ಟ’ ಎಂದು. ಅವರು ತೆರೆಯಲೇ ಇಲ್ಲ. ಓದಿದ್ದರೆ ಅವರ ಕಡೆಯವರು ಯಾಕೆ ತೆರೆದಿರಿ ಎಂದು ಕೇಳುತ್ತಿದ್ದರು. ‘ಕಲಶದ ಕ್ರಮ ವಿವರಿಸಿದ ಅರ್ಚಕರು’ ಎಂದಷ್ಟೇ ಉಳಿಸಿದೆ.

‘ಇವರಿಲ್ಲದಿದ್ದರೆ ಒಂದಕ್ಷರವೂ ಆಗುತ್ತಿರಲಿಲ್ಲ’ ಎಂದು ಮಾರ್ಗದರ್ಶಕರ ಬಗ್ಗೆ ಬರೆದಿದ್ದ ಸಾಲನ್ನು ಅವರೇ ಹೊಡೆದುಹಾಕಿದರು. ಅದರ ಬದಲು ನಡೆದದ್ದನ್ನು ಬರೆದೆ: ಪಾಡ್ದನದ ಪಾಠಾಂತರ ಹೋಲಿಸುವುದನ್ನು ಕಲಿಸಿದರು, ನಾಲ್ಕನೇ ಅಧ್ಯಾಯವನ್ನು ಎರಡು ಸಲ ತಿದ್ದಿಸಿದರು, ಕೊನೆಯ ಅಧ್ಯಾಯದ ನಿಲುವು ಅವರು ಒಪ್ಪದ್ದು, ನನ್ನದು.

ಎಲ್ಲರನ್ನೂ ಮರೆಮಾಡುವುದೂ ಸರಿಯಲ್ಲ. ಬೇರೆ ತಾಲೂಕಿನಲ್ಲಿ ನೇಜಿ ನೆಡುತ್ತಾ ಪಾಡ್ದನ ಹಾಡಿದ ಅಜ್ಜಿ, “ನಾನು ಹಾಡಿದ್ದು ಅಂತ ಬರಿ ಮಗಾ” ಅಂದಿದ್ದರು. ಹಾಡು ಅವರದು, ಹೆಸರು ಮುಚ್ಚಿದ್ದರೆ ನಾನು ಕದ್ದಂತೆ. ಆ ಹೆಸರಿನಿಂದ ಇನ್ನಾರೂ ಬಯಲಾಗುವುದಿಲ್ಲ ಎಂದು ನೋಡಿಕೊಂಡು, ಊರಿನ ಸಮೇತ ಪೂರ್ತಿ ಬರೆದೆ. ಅಜ್ಜಿಗೆ ಪ್ರತಿಯನ್ನೂ ಕೊಟ್ಟು ಬಂದೆ.

ಪಾತ್ರಿಯ ಮನೆಗೆ ಪ್ರಬಂಧ ಒಯ್ಯಲಿಲ್ಲ. ಸಂಜೆ ಹೋಗಿ, ವೀಳ್ಯ-ಅಡಿಕೆ ಇಟ್ಟು, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ.