ಮನೆಯ ಕ್ರಯಕ್ಕೆ ಮರುಮಾತು

ಈಚೆಗೆ ನಮ್ಮ ಸೋದರಳಿಯನು ಪುತ್ತೂರಿನಲ್ಲೊಂದು ಮನೆಯನ್ನು ಕೊಳ್ಳಲು ಹೊರಟನು. ಐದು ಸೆಂಟ್ಸು ಸ್ಥಳ, ಮುರಕಲ್ಲಿನ ಗೋಡೆ, ಸ್ವಂತ ಬಾವಿ. ಯಜಮಾನರು ಹೇಳಿದ ಕ್ರಯ 40 ಲಕ್ಷ ರೂಪಾಯಿ.

“ಮಾವಾ, ಕಡಬದಲ್ಲಿ ಇಂಥದೇ ಮನೆ 28 ಲಕ್ಷಕ್ಕೆ ಹೋಗಿದೆ, ಅಷ್ಟಕ್ಕೇ ಕೇಳುತ್ತೇನೆ” ಎಂದನು. ನಾವು ತಡೆದೆವು. ರೈಲು ನಿಲ್ದಾಣವೂ ಉಪವಿಭಾಗದ ಕಚೇರಿಯೂ ಇರುವ ಪುತ್ತೂರಿಗೆ ಕಡಬದ ಕ್ರಯವು ಪ್ರಮಾಣವಾಗದು, ಸುಳ್ಯದ್ದೂ ಆಗದು. ಉಪಮಾನಕ್ಕೂ ಉಪಮೇಯಕ್ಕೂ ಸಮಾನಧರ್ಮವಿರಬೇಕೆಂದು ನಾವು ಶಾಲೆಯಲ್ಲಿ ಹೇಳಿಕೊಡುತ್ತಿದ್ದುದು ಇಲ್ಲಿಯೂ ಸಲ್ಲುವುದು.

ಮೊದಲು ಅವನ ಶಕ್ತಿಯನ್ನು ಲೆಕ್ಕ ಹಾಕಿದೆವು. ಕೈಗೆ ಬರುವ ಸಂಬಳ ತಿಂಗಳಿಗೆ 50,000. ಎಲ್ಲ ಸಾಲಗಳ ಕಂತೂ ಸೇರಿ ಅದರ ಅರ್ಧವನ್ನು ಮೀರಬಾರದೆಂದು ಅವನ ಬ್ಯಾಂಕಿನ ನಿಯಮ. ವಾಹನದ ಕಂತು 5,000 ಕಳೆದು 20,000 ಉಳಿಯಿತು. ನೂರಕ್ಕೆ ಎಂಟೂವರೆ ಬಡ್ಡಿಯ 20 ವರ್ಷಗಳ ಸಾಲಕ್ಕೆ ಲಕ್ಷವೊಂದಕ್ಕೆ ಸುಮಾರು 868 ರೂಪಾಯಿ ಕಂತು. ಅಂದರೆ ಸಾಲ 23 ಲಕ್ಷ. ಉಳಿತಾಯ 16 ಲಕ್ಷ ಸೇರಿ 39 ಲಕ್ಷವಾಯಿತು. ಅಷ್ಟೂ ಕ್ರಯಕ್ಕೆ ಒದಗದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವು ನೂರಕ್ಕೆ ಎರಡಾಗಿದೆ. ಮುದ್ರಾಂಕ ಶುಲ್ಕವೂ ಅದರ ಮೇಲಿನ ಕರಗಳೂ ಕೂಡಿ ಏಳೂವರೆಗಿಂತ ತುಸು ಹೆಚ್ಚು. ಅದನ್ನೂ ದುರಸ್ತಿಗೆ 50,000ವನ್ನೂ ತೆಗೆದಿಟ್ಟರೆ ಕ್ರಯದ ಮೇರೆ ಮೂವತ್ತೈದು ಮುಕ್ಕಾಲು ಲಕ್ಷ.

ಬಳಿಕ ಅದೇ ಆಸುಪಾಸಿನಲ್ಲಿ ಒಂದು ವರ್ಷದೊಳಗೆ ಮಾರಾಟವಾದ ಮೂರು ಮನೆಗಳನ್ನು ವಿಚಾರಿಸಿದೆವು. ಕ್ರಯಪತ್ರದಲ್ಲಿ ಕಾಣುವ ಮೊತ್ತವು ಎಷ್ಟೋ ವೇಳೆ ಸರಕಾರದ ಮಾರ್ಗಸೂಚಿ ಬೆಲೆಯಷ್ಟೇ ಆಗಿರುವುದರಿಂದ, ಕೊಂಡವರನ್ನೇ ಕಂಡು ಕೇಳಿದೆವು. ಒಂದು 36 ಲಕ್ಷಕ್ಕೆ ಹೋಗಿತ್ತು. ಅದಕ್ಕೆ ಅಗಲವಾದ ಮಾರ್ಗವಿದ್ದುದರಿಂದ ಒಂದು ಲಕ್ಷ ಕಳೆದೆವು. ಎರಡನೆಯದು 31; ಬಾವಿಯಿಲ್ಲದ್ದರಿಂದ ಎರಡು ಕೂಡಿಸಿದೆವು. ಮೂರನೆಯದು 40, ಅದರ ಸ್ಥಳ ಏಳು ಸೆಂಟ್ಸು, ಹೆಚ್ಚಿನ ಎರಡು ಸೆಂಟ್ಸಿಗೆ ಆರು ಕಳೆದೆವು. ಹೀಗೆ 35, 33, 34 ಎಂದು ದೊರೆಯಿತು.

ಮಾತುಕತೆಯ ದಿನ 33½ ಲಕ್ಷವೆಂದು ಕೇಳಿದೆವು. ಯಜಮಾನರು ನಕ್ಕು, “ನಿಮ್ಮಲ್ಲಿ ಎಷ್ಟಿದೆ, ಅದನ್ನು ಹೇಳಿ” ಎಂದರು. ಅಳಿಯನು ಬಾಯಿ ತೆರೆಯುವಷ್ಟರಲ್ಲಿ ನಾವೇ ಮೂರು ಮನೆಗಳ ಚೀಟಿಯನ್ನು ಮುಂದಿಟ್ಟೆವು. ನಮ್ಮ ಮೇರೆಯನ್ನು ಹೇಳಿದರೆ ಅದೇ ಅವರ ಕ್ರಯವಾಗುವುದು. ನಮ್ಮ ಬಡತನವನ್ನು ಹೇಳಿದರೆ ಬೇರೆ ಮನೆ ನೋಡಿರೆನ್ನುವರು. ನೆರೆಯವರ ಕ್ರಯವೊಂದೇ ಇಬ್ಬರಿಗೂ ಸಮನಾದ ಸಾಕ್ಷಿ. ಆ ಯಜಮಾನರು ತಾವೇ ನಿಂತು ಕಟ್ಟಿಸಿದ ಮನೆಯದು. ಅದರಲ್ಲಿ ದೋಷ ಹುಡುಕಲೂ ನಾವು ಹೋಗಲಿಲ್ಲ. ಬ್ಯಾಂಕಿನ ಮಂಜೂರಾತಿ ಪತ್ರವನ್ನು ಮಾತ್ರ, ಅದರ ಮೊತ್ತವನ್ನು ಮಡಚಿ ಮರೆಮಾಡಿ, ತೋರಿಸಿ, 45 ದಿನಗಳಲ್ಲಿ ನೋಂದಣಿ ಮಾಡಿಸುವೆವೆಂದೆವು.

ಅವರು ಚೀಟಿಯನ್ನು ಎರಡು ಸಲ ಓದಿ, “ಬಾವಿಗೆ ಎರಡೇ ಲಕ್ಷವೇ? ಮೇ ತಿಂಗಳಲ್ಲೂ ಬತ್ತದ ಬಾವಿ!” ಎಂದರು. ಮಾತು ನ್ಯಾಯವಾಗಿತ್ತು. 35 ಲಕ್ಷಕ್ಕೆ ಒಪ್ಪಿದೆವು. 36 ಎಂದಿದ್ದರೆ ಎದ್ದು ಬರಬೇಕೆಂದು ಮನೆಯಿಂದ ಹೊರಡುವಾಗಲೇ ಅಳಿಯನಿಗೆ ಹೇಳಿದ್ದೆವು.