ಮರಳಿ ಬಂದ ನಾಲ್ಕು ಕುರ್ತಾ

ವನಗೂರಿನಲ್ಲಿ ಆಷಾಢದ ಮಳೆ ಹಿಡಿದರೆ ಬಚ್ಚಲೊಲೆಯೇ ಆಸರೆ. ಆ ವರ್ಷ ಒಲೆಯ ಮುಂದೆ ಕೂತು ನಾನೂ ಅತ್ತಿಗೆಯೂ ನಾಲ್ಕು ಪಾರ್ಸೆಲ್ ಬಿಚ್ಚಿದ್ದೆವು. ಗುಳೇದಗುಡ್ಡದ ಖಣದಲ್ಲಿ ಅತ್ತಿಗೆ ಹೊಲಿದು ಆನ್‌ಲೈನ್‌ನಲ್ಲಿ ಮಾರಿದ್ದ ಕುರ್ತಾಗಳು ವಾಪಸ್ ಬಂದಿದ್ದವು. ಮೂರು ಬಿಗಿಯಂತೆ. ನಾಲ್ಕನೆಯದಕ್ಕೆ ‘ಫೋಟೋದಲ್ಲಿದ್ದ ಬಣ್ಣ ಇದಲ್ಲ’ ಎಂಬ ಚೀಟಿ.

“ಹೊಲಿಗೆ ತಪ್ಪಿಲ್ಲ ಕಣೋ, ನೀನೇ ಅಳೆದು ನೋಡು” ಅಂದರು ಅತ್ತಿಗೆ. ಅಳೆದೆ. ಎದೆಯ ಸುತ್ತಳತೆ ಸರಿಯಾಗಿ 38 ಇಂಚು. ನಾವು ಬರೆದದ್ದೂ 38. ಆದರೆ ಕೊಂಡವರು ಅದನ್ನು ತಮ್ಮ ಮೈ ಅಳತೆ ಎಂದುಕೊಂಡಿದ್ದರು. ಖಣ ಹಿಗ್ಗುವ ಬಟ್ಟೆಯಲ್ಲ. ಉಸಿರಾಡಲು, ಕೈ ಎತ್ತಲು ಮೂರು ನಾಲ್ಕು ಇಂಚು ಸಡಿಲ ಬೇಕು. ಆ ಕುರ್ತಾ 34, 35ರ ಮೈಗೆ ಸರಿ. ಫೋಟೋ ಇನ್ನೊಂದು ಸುಳ್ಳು ಹೇಳಿತ್ತು. ನಮ್ಮ ಬೊಂಬೆಯ ಎದೆ 32 ಇಂಚು. ಚಂದ ಕಾಣಲೆಂದು ಹಿಂದೆ ಆರು ಇಂಚು ಬಟ್ಟೆ ಮಡಚಿ ಪಿನ್ನು ಚುಚ್ಚಿದ್ದು ನಾನೇ. 38 ಅಂದರೆ ಮೈಗೆ ಎಷ್ಟು ಅಂಟಿ ನಿಲ್ಲುತ್ತದೆಂದು ಆ ಚಿತ್ರ ನೋಡಿದವರಿಗೆ ತಿಳಿಯುವುದಾದರೂ ಹೇಗೆ?

ಬಣ್ಣ ಕೆಟ್ಟಿದ್ದು ಬಲ್ಬಿನಿಂದ. ಒಂದು ಕಡೆ ಕಿಟಕಿಯ ನೀಲಿ ಬೆಳಕು, ಇನ್ನೊಂದು ಕಡೆ ಹಳದಿ ಬಲ್ಬು. ಕ್ಯಾಮೆರಾ ಎರಡನ್ನೂ ಸರಿದೂಗಿಸಲಾರದು. ಜತೆಗೆ ಗಾಢ ಬಟ್ಟೆ ಕಂಡರೆ ಫೋನು ತಾನಾಗಿ ಚಿತ್ರವನ್ನು ಬೆಳಗಿಸುತ್ತದೆ. ಬ್ಯಾಡಗಿ ಮೆಣಸಿನ ಬಣ್ಣ ಟೊಮೆಟೊ ಆಗಿತ್ತು.

ಮರುದಿನ ಬಲ್ಬು ಆರಿಸಿ ಎಲ್ಲವನ್ನೂ ಉತ್ತರದ ಜಗಲಿಗೆ ಸಾಗಿಸಿದೆವು. ಮೋಡ ಮುಸುಕಿದ ಆಕಾಶಕ್ಕಿಂತ ಮೃದುವಾದ ದೀಪ ನನಗೆ ಗೊತ್ತಿಲ್ಲ. ನೆರಳು ಬಿದ್ದ ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದೆ. ಪರದೆಯಲ್ಲಿ ಬಟ್ಟೆಯ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಗೆಳೆದೆ, ಕೈಯಲ್ಲಿದ್ದ ಖಣಕ್ಕೂ ಚಿತ್ರಕ್ಕೂ ಬಣ್ಣ ಕೂಡುವವರೆಗೆ. ಕೊಳ್ಳುವವರ ಫೋನಿನ ಪರದೆ ನಮ್ಮ ಕೈಯಲ್ಲಿಲ್ಲ. ಹಾಗಾಗಿ ‘ಒಣಮೆಣಸಿನ ಕೆಂಪು’ ಎಂದು ಮಾತಿನಲ್ಲೂ ಬರೆದೆವು.

ನೇಯ್ಗೆ ತೋರಿಸುವಾಗ ಮಾತ್ರ ಬೇರೆ ಉಪಾಯ ಬೇಕಾಯಿತು. ಎದುರಿನಿಂದ ಬೆಳಕು ಬಿದ್ದರೆ ಖಣ ಅಚ್ಚು ಹಾಕಿದ ಕಾಗದದಂತೆ ಚಪ್ಪಟೆ. ಬಟ್ಟೆಯನ್ನು ಹಲಗೆಯ ಮೇಲೆ ಹರಡಿ, ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಂತೆ ತಿರುಗಿಸಿದೆ. ಸಣ್ಣ ಸಣ್ಣ ಬುಟ್ಟಾಗಳ ಎಳೆ ಎದ್ದು ನಿಂತವು. ಅತ್ತಿಗೆ ಬಗ್ಗಿ ನೋಡಿ, “ಈಗ ಮುಟ್ಟಿದ ಹಾಗಾಯ್ತು” ಅಂದರು.

ಕೊನೆಗೆ ಪಿನ್ನು ತೆಗೆದ ಕುರ್ತಾವನ್ನು ಚಾಪೆಯ ಮೇಲೆ ಮಲಗಿಸಿ, ಕಂಕುಳಿಂದ ಕಂಕುಳಿಗೆ, ಅಂದರೆ ಸುತ್ತಳತೆಯ ಅರ್ಧಕ್ಕೆ, ಟೇಪು ಹಾಸಿ, ಫೋನನ್ನು ನೇರ ಮೇಲೆ, ಸ್ವಲ್ಪ ದೂರದಲ್ಲೇ ಹಿಡಿದು ತೆಗೆದೆ; ಹತ್ತಿರ ಹೋದರೆ ಅಂಚು ಸೊಟ್ಟಗಾಗುತ್ತದೆ. ಅಡಿಯಲ್ಲಿ ಬರೆದದ್ದು ಇಷ್ಟು: ‘ಇದು ಬಟ್ಟೆಯ ಅಳತೆ, ಮೈಯದಲ್ಲ. ನಿಮಗೆ ಸರಿಹೊಂದುವ ಹಳೆಯ ಕುರ್ತಾವನ್ನು ಹೀಗೇ ಹಾಸಿ ಅಳೆದು ಹೋಲಿಸಿ.’

ಶ್ರಾವಣದಲ್ಲಿ ಒಬ್ಬ ಹೆಂಗಸು ಫೋನ್ ಮಾಡಿದರು: “ನನ್ನ ಹಳೇದು ಇಪ್ಪತ್ತೂವರೆ ಬರ್ತದೆ. ನಿಮ್ಮ ಇಪ್ಪತ್ತು ಬೇಡ, ಇಪ್ಪತ್ತೊಂದು ಕಳಿಸಿ.”