ಕಾಲೇಜ್ ಲೆಕ್ಕ, ಭಾಗ 4: ‘ಸ್ಟೋರ್ ಸೆಟಪ್ ಫೀ’ ₹12,000

ನಿಮಗೂ ಆ ರೀಲ್ ಬಂದಿರ್ತದೆ. ಕಾರಲ್ಲಿ ಕೂತ್ಕೊಂಡು ಒಬ್ಬ, "ಮಲಗಿದ್ರೂ ದುಡ್ಡು ಬರ್ತದೆ ಬ್ರೋ" ಅಂತಾನೆ. ನಾನು ನಂಬಿದೆ. ಆಯಿ ಸಂಘದಲ್ಲಿ ಸಾಲ ಎತ್ತಿ ಕೊಟ್ಟ ₹12,000 ಕಟ್ಟಿದೆ. ಕುಮಟಾದಿಂದ ಹೊನ್ನಾವರಕ್ಕೆ ಬಸ್ಸಲ್ಲಿ ಬರ್ತಾ ಬರ್ತಾನೇ ಯುಪಿಐ ಮಾಡಿದ್ದು.

ಎರಡು ದಿನದಲ್ಲಿ ಸ್ಟೋರ್ ರೆಡಿ. ಆಮೇಲೆ ಗೊತ್ತಾಯ್ತು, ಅದು ಶಾಪಿಫೈಯ Dawn ಥೀಮ್. ಅದು ಫ್ರೀ, ನೀವೂ ಹಾಕ್ಕೋಬಹುದು. ತಿಂಗಳ ಬಾಡಿಗೆ, ಜಾಹೀರಾತಿನ ದುಡ್ಡು ಎಲ್ಲ ಮತ್ತೆ ನನ್ನದೇ.

ಅವನು ತೋರಿಸಿದ ಸ್ಕ್ರೀನ್‌ಶಾಟಲ್ಲಿ Total sales ಅಂತ ದೊಡ್ಡ ನಂಬರ್ ಇತ್ತು. ಬಿಕಾಂ ಓದೋ ನಾನು ಅದನ್ನ ಲಾಭ ಅಂದ್ಕೊಂಡೆ ನೋಡಿ! ನಾಚಿಕೆ ಆಗ್ತದೆ.

ನನ್ನ ಮೊದಲ 10 ಆರ್ಡರ್ ಲೆಕ್ಕ ಹೇಳ್ತೇನೆ. ₹799ಕ್ಕೆ ಒಂದು ಲ್ಯಾಂಪ್, ಎಲ್ಲಾ ಕ್ಯಾಶ್ ಆನ್ ಡೆಲಿವರಿ. 4 ಜನ ಬಾಗಿಲಲ್ಲೇ ಬೇಡ ಅಂದ್ರು. ಕೈಗೆ ಬಂದದ್ದು 6 ಆರ್ಡರಿನ ₹4,794. ಅದ್ರಲ್ಲಿ 6 ಲ್ಯಾಂಪಿಗೆ ಸಪ್ಲೈಯರಿಗೆ ₹1,680. ಕೊರಿಯರ್ ಮಾತ್ರ ಹತ್ತಕ್ಕೂ ಕೊಡ್ಬೇಕು, ₹900. ವಾಪಸ್ ಬಂದ 4ಕ್ಕೆ ಮತ್ತೆ ₹320. ಜಾಹೀರಾತಿಗೆ ಆರ್ಡರಿಗೆ ₹180ರಂತೆ ₹1,800, ಯಾಕಂದ್ರೆ ವಾಪಸ್ ಕಳಿಸಿದವನನ್ನ ಕರ್ಕೊಂಡು ಬರಲಿಕ್ಕೂ ಅಷ್ಟೇ ಖರ್ಚಾಗಿರ್ತದೆ. ಕಳೆದ್ರೆ ಉಳಿದದ್ದು ₹94.

ಸ್ಟೋರಿನ ತಿಂಗಳ ಬಾಡಿಗೆ ಇದ್ರಲ್ಲಿ ಸೇರಿಸಿಲ್ಲ. ಆದರೆ ಆ ಸ್ಕ್ರೀನ್ ಮೇಲೆ ಹತ್ತೂ ಆರ್ಡರ್ ಸೇರಿ ₹7,990 ಕಾಣ್ತಿತ್ತು! ಇನ್ನೂ ಒಂದೇ ಒಂದು ಆರ್ಡರ್ ಜಾಸ್ತಿ ವಾಪಸ್ ಬಂದಿದ್ರೆ ನಾನೇ ಕೈಯಿಂದ ಹಾಕ್ಬೇಕಿತ್ತು.

ಅವನು ಬಾಯೇ ಬಿಡದ ವಿಷಯ ಜಿಎಸ್‌ಟಿ. ₹40 ಲಕ್ಷದವರೆಗೆ ಬೇಡ ಅಂತ ನಾವು ಪರೀಕ್ಷೆಗೆ ಓದ್ತೇವಲ್ಲ, ಅದು ರಾಜ್ಯದ ಒಳಗೆ ಸಾಮಾನು ಮಾರುವವರಿಗೆ. ಹೊನ್ನಾವರದಲ್ಲಿ ಕೂತು ಇಂಥ ಲ್ಯಾಂಪನ್ನ ದೆಲ್ಲಿಯವನಿಗೆ ಮಾರಿದ್ರೆ ಅದು ಅಂತರರಾಜ್ಯ ವ್ಯಾಪಾರ. ಸೆಕ್ಷನ್ 24ರ ಪ್ರಕಾರ ಮೊದಲ ಆರ್ಡರಿಂದಲೇ ನೋಂದಣಿ ಬೇಕು. ಬಿಲ್ಲು ನಿಮ್ಮ ಹೆಸರಲ್ಲಿ ಹೋಗ್ತದೆ, ಸಾಮಾನು ಒಡೆದು ಬಂದ್ರೆ ಫೋನೂ ನಿಮಗೇ ಬರ್ತದೆ. ರಾತ್ರಿ 11ಕ್ಕೆ ಗಿರಾಕಿ ಹತ್ರ ಹಿಂದಿಯಲ್ಲಿ ಬೈಸ್ಕೊಂಡಾಗ ‘ಮಲಗಿದ್ರೂ’ ಅಂದ ಮಾತು ನೆನಪಾಯ್ತು.

ಡ್ರಾಪ್‌ಶಿಪ್ಪಿಂಗ್ ಪೂರ್ತಿ ಸುಳ್ಳು ಅಂತಿಲ್ಲ. ವಾಪಸಾತಿ ಕಡಿಮೆ ಇಟ್ಟು, ಜಾಹೀರಾತು ದಿನಾ ಕೂತು ನೋಡ್ಕೊಂಡು ಮಾಡುವವರಿದ್ದಾರೆ. ಅದು ಅಂಗಡಿ ನಡೆಸಿದ ಹಾಗೇ ಕೆಲಸ. ಆದ್ರೆ ನಿಮ್ಮ ಹತ್ರ ಸೆಟಪ್ ಫೀ ತಗೊಂಡವನಿಗೆ ನೀವು ಒಂದು ಲ್ಯಾಂಪ್ ಮಾರದಿದ್ರೂ ಲಾಭವೇ.

ಭಟ್ಕಳದ ಕ್ಲಾಸ್‌ಮೇಟಿಗೂ ಹೋದ ವಾರ ಅಂಥದ್ದೇ ಮೆಸೇಜ್ ಬಂತು. "ಸರ್, ಫೀ ಈಗ ಬೇಡ, ಮೊದಲ ಮೂರು ತಿಂಗಳ ಲಾಭದಲ್ಲಿ ಅರ್ಧ ನೀವೇ ತಗೊಳ್ಳಿ" ಅಂತ ಬರೀಲಿಕ್ಕೆ ಹೇಳಿದೆ. ಎರಡು ನೀಲಿ ಟಿಕ್ ಬಿತ್ತು, ಉತ್ತರ ಬರ್ಲಿಲ್ಲ. ಸಂಜೆ ಬ್ಲಾಕ್.

ಆಯಿಗೆ ಸಂಘದ ಕಂತು ಇನ್ನೂ 7 ಬಾಕಿ ಇದೆ.